ಮಲಗಿ ಕೊಡಬೇಕಾದ ರಕ್ತ: ಫಿಯೋಕ್ರೋಮೋಸೈಟೋಮಾ ಪತ್ತೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಾನು ನೋಡಿದ ಒಬ್ಬ ರೋಗಿಯಿಂದಲೇ ಶುರು ಮಾಡುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. 41 ವರ್ಷದ ಹೆಣ್ಣುಮಗಳು, ಮನೆಯಲ್ಲೇ ಹೊಲಿಗೆ ಕೆಲಸ. ಕೆಳಗೆ ಬಿದ್ದ ಬಟ್ಟೆ ಎತ್ತಲು ಬಗ್ಗಿದರೆ, ತುಂಬಿದ ಕೊಡ ಎತ್ತಿದರೆ, ಇದ್ದಕ್ಕಿದ್ದ ಹಾಗೆ ತಲೆ ಸಿಡಿಯುವಂಥ ನೋವು. ಎದೆ ಡವಡವ. ರವಿಕೆ ಒದ್ದೆಯಾಗುವಷ್ಟು ಬೆವರು. ಇಪ್ಪತ್ತು ನಿಮಿಷ ಹೀಗಿದ್ದು, ಆಮೇಲೆ ಏನೂ ಆಗಿಲ್ಲವೇನೋ ಎಂಬಂತೆ ಎಲ್ಲ ತಣ್ಣಗಾಗುತ್ತಿತ್ತು. ಸುಸ್ತು ಮಾತ್ರ ಉಳಿಯುತ್ತಿತ್ತು.

ಒಬ್ಬರು ಮೈಗ್ರೇನ್ ಎಂದು ಅಮಿಟ್ರಿಪ್ಟಿಲಿನ್ ಕೊಟ್ಟರು. ಇನ್ನೊಬ್ಬರು ಗಾಬರಿ ಕಾಯಿಲೆ ಎಂದು, ಎದೆಬಡಿತಕ್ಕೆ ಪ್ರೊಪ್ರನಲಾಲ್ ಬರೆದರು. ಅದಾದ ಮೇಲೆ ಈ ಅಲೆಗಳು ಇನ್ನೂ ಜೋರಾದವು. ಮನೆಯವರೂ "ಸುಮ್ನೆ ಯೋಚನೆ ಮಾಡ್ತೀಯ" ಅನ್ನತೊಡಗಿದ್ದರು. ಒಂದು ದಿನ ಪಕ್ಕದ ಮನೆಯ ನರ್ಸ್ ಅಲೆ ಬಂದಾಗಲೇ ಬಿಪಿ ನೋಡಿದರು. 214/122. ಅರ್ಧ ಗಂಟೆ ಬಿಟ್ಟು ನೋಡಿದರೆ 136/84. ಆ ಎರಡು ಅಂಕಿಗಳ ಚೀಟಿ ಹಿಡಿದೇ ಅವರು ನನ್ನ ಹತ್ತಿರ ಬಂದದ್ದು.

"ಆ ಹೊತ್ತಲ್ಲಿ ಮುಖ ಹೇಗಿರುತ್ತಮ್ಮಾ?" ಎಂದು ಕೇಳಿದೆ. ಗಂಡ ಉತ್ತರ ಕೊಟ್ಟರು: "ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತೆ ಸಾರ್." ಇದನ್ನು ಗಮನಿಸಬೇಕು. ಮುಟ್ಟು ನಿಲ್ಲುವ ವಯಸ್ಸಿನ ಬಿಸಿ ಅಲೆಯಲ್ಲಿ ಮುಖ ಸಾಮಾನ್ಯವಾಗಿ ಕೆಂಪಾಗುತ್ತದೆ. ಇಲ್ಲಿ ರಕ್ತನಾಳಗಳು ಬಿಗಿಯುವುದರಿಂದ ಬಿಳಿಚುವುದೇ ಜಾಸ್ತಿ.

ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಅಡ್ರಿನಲ್ ಗ್ರಂಥಿಗಳಿವೆ. ಹೆದರಿದಾಗ, ಓಡುವಾಗ ಬೇಕಾಗುವ ಅಡ್ರಿನಲಿನ್ ಬರುವುದು ಅವುಗಳ ಒಳತಿರುಳಿನಿಂದ. ಆ ತಿರುಳಿನಲ್ಲಿ ಬೆಳೆಯುವ ಗಡ್ಡೆಯೇ ಫಿಯೋಕ್ರೋಮೋಸೈಟೋಮಾ. ಅದು ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ಹೊತ್ತುಗೊತ್ತಿಲ್ಲದೆ ರಕ್ತಕ್ಕೆ ಸುರಿಯುತ್ತದೆ. ಬಗ್ಗಿದಾಗ ಹೊಟ್ಟೆಯೊಳಗೆ ಒತ್ತಡ ಬಿದ್ದರೂ ಸಾಕು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಕೆಲವು ಸ್ಟೀರಾಯ್ಡ್‌ಗಳು, ಅರಿವಳಿಕೆ ಕೂಡ ಅದನ್ನು ಕೆಣಕಬಹುದು.

ಪ್ರೊಪ್ರನಲಾಲ್‌ನಿಂದ ಹೆಚ್ಚಾದದ್ದು ಏಕೆ? ಅಡ್ರಿನಲಿನ್ ಕೆಲವು ರಕ್ತನಾಳಗಳನ್ನು ಬಿಗಿಸುತ್ತದೆ, ಕೆಲವನ್ನು ಸಡಿಲಿಸುತ್ತದೆ. ಆ ಮಾತ್ರೆ ಸಡಿಲಿಸುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಉಳಿಯುವುದು ಬಿಗಿತವೊಂದೇ. ಹಾಗಾಗಿ ಬಿಪಿ ಇನ್ನೂ ಏರುತ್ತದೆ.

ಈಗ ಪರೀಕ್ಷೆಗೆ ಬರೋಣ. "ಅಲೆ ಬಂದಾಗಲೇ ಓಡಿಹೋಗಿ ರಕ್ತ ಕೊಡಬೇಕಾ?" ಎಂದು ತುಂಬ ಜನ ಕೇಳುತ್ತಾರೆ. ಬೇಕಿಲ್ಲ. ಗಡ್ಡೆ ಅಡ್ರಿನಲಿನ್ ಸುರಿಯುವುದು ಆಗಾಗ. ಆದರೆ ಅದರ ಜೀವಕೋಶಗಳ ಒಳಗೇ ಸ್ವಲ್ಪ ಸ್ವಲ್ಪ ಅಡ್ರಿನಲಿನ್ ಸೋರುತ್ತಾ, ಒಂದು ಕಿಣ್ವದಿಂದ ಮೆಟಾನೆಫ್ರಿನ್ ಆಗಿ ಬದಲಾಗುತ್ತಾ ಇರುತ್ತದೆ. ನಾರ್‌ಅಡ್ರಿನಲಿನ್‌ನಿಂದ ನಾರ್‌ಮೆಟಾನೆಫ್ರಿನ್ ಆಗುತ್ತದೆ. ಈ ಕೆಲಸ ಹಗಲು ರಾತ್ರಿ ನಡೆಯುತ್ತದೆ. ಅದಕ್ಕೇ ನಾವು ಅಡ್ರಿನಲಿನ್ ಬಿಟ್ಟು ಮೆಟಾನೆಫ್ರಿನ್‌ಗಳನ್ನು ಅಳೆಯುತ್ತೇವೆ, ರಕ್ತದಲ್ಲಿ ಅಥವಾ 24 ಗಂಟೆಯ ಮೂತ್ರದಲ್ಲಿ. ಹಿಂದೆ ವಿಎಂಎ ಎಂಬ ಮೂತ್ರ ಪರೀಕ್ಷೆ ಮಾಡಿಸುತ್ತಿದ್ದರು. ಅದು ಎಷ್ಟೋ ಗಡ್ಡೆಗಳನ್ನು ತಪ್ಪಿಸಿಬಿಡುತ್ತಿತ್ತು.

ನಮ್ಮ ರೋಗಿ ಮೊದಲು ಮೂತ್ರ ಪರೀಕ್ಷೆ ಮಾಡಿಸಿಕೊಂಡೇ ಬಂದಿದ್ದರು. ಫಲಿತಾಂಶ ಮಿತಿಗಿಂತ ಸ್ವಲ್ಪವೇ ಮೇಲೆ. ಆದರೆ ಅದೇ ಕಾಗದದಲ್ಲಿ ಕ್ರಿಯಾಟಿನಿನ್ ತೀರಾ ಕಡಿಮೆ ಇತ್ತು. ದಿನಕ್ಕೆ ಇಷ್ಟು ಕ್ರಿಯಾಟಿನಿನ್ ಹೋಗಲೇಬೇಕು ಎಂಬ ಅಂದಾಜು ಇರುತ್ತದೆ. ಕಡಿಮೆ ಬಂದರೆ ಮೂತ್ರ ಪೂರ್ತಿ ಸಂಗ್ರಹವಾಗಿಲ್ಲ ಎಂದರ್ಥ. ಕೇಳಿದೆ. ರಾತ್ರಿ ಎದ್ದಾಗ ಎರಡು ಸಲ ಕ್ಯಾನ್‌ಗೆ ಹಿಡಿದಿರಲಿಲ್ಲ. ಅವರ ತಪ್ಪಲ್ಲ, ಯಾರೂ ಬಿಡಿಸಿ ಹೇಳಿರಲಿಲ್ಲ. ಕ್ರಮ ಹೀಗೆ: ಬೆಳಗ್ಗೆ ಎದ್ದಾಗಿನ ಮೊದಲ ಮೂತ್ರ ಚೆಲ್ಲಿ, ಆ ಸಮಯ ಬರೆದಿಡಬೇಕು. ಆಮೇಲಿನ ಪ್ರತಿ ಹನಿಯೂ ಕ್ಯಾನ್‌ಗೆ. ಮರುದಿನ ಅದೇ ಸಮಯದ ಮೂತ್ರವೂ ಸೇರಿ ಮುಗಿಯಬೇಕು. ಲ್ಯಾಬ್ ಕ್ಯಾನ್‌ನಲ್ಲಿ ಆಸಿಡ್ ಹಾಕಿ ಕೊಟ್ಟಿದ್ದರೆ ಅದನ್ನು ಚೆಲ್ಲಬಾರದು, ಕೈಗೆ ತಾಗಿಸಿಕೊಳ್ಳಲೂಬಾರದು.

ಅವರಿಗೆ ಪ್ರೊಪ್ರನಲಾಲ್ ನಿಲ್ಲಿಸಿ, ಬಿಪಿಗೆ ಬೇರೆ ಮಾತ್ರೆ ಕೊಟ್ಟೆ. ಅಮಿಟ್ರಿಪ್ಟಿಲಿನ್ ಕೂಡ ನಾರ್‌ಮೆಟಾನೆಫ್ರಿನ್ ಅನ್ನು ಸುಳ್ಳು ಸುಳ್ಳೇ ಏರಿಸುತ್ತದೆ. ಅದನ್ನು ನಿಧಾನವಾಗಿ ಇಳಿಸಿ, ನಿಲ್ಲಿಸಿ, ಎರಡು ವಾರ ಕಾದೆವು. ದಯವಿಟ್ಟು ಯಾರೂ ಇಂಥ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಆಮೇಲೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆಸಿ, ಮಂಚದ ಮೇಲೆ ಅರ್ಧ ಗಂಟೆ ಮಲಗಿಸಿ, ಮಲಗಿದ್ದಂತೆಯೇ ರಕ್ತ ತೆಗೆಸಿದೆ. ನಾರ್‌ಮೆಟಾನೆಫ್ರಿನ್ ಮೇಲ್ಮಿತಿಯ ಐದು ಪಟ್ಟು, ಮೆಟಾನೆಫ್ರಿನ್ ಮೂರು ಪಟ್ಟು. ಎರಡೂ ಹೀಗೆ ಏರಿದಾಗ ಅನುಮಾನಕ್ಕೆ ಜಾಗ ತೀರಾ ಕಡಿಮೆ.

ಮಲಗುವುದಕ್ಕೆ ಯಾಕಿಷ್ಟು ಒತ್ತು ಕೊಡುತ್ತೇನೆ ಗೊತ್ತಾ? ಕುಳಿತರೆ, ನಿಂತರೆ ಯಾರಿಗಾದರೂ ನಾರ್‌ಅಡ್ರಿನಲಿನ್ ಏರುತ್ತದೆ. ಕಾಲಿಗಿಳಿದ ರಕ್ತವನ್ನು ಮೇಲೆ ತಳ್ಳಬೇಕಲ್ವಾ. ಇನ್ನೊಬ್ಬರು, ಬ್ಯಾಂಕ್ ನೌಕರರು, ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತು ರಕ್ತ ಕೊಟ್ಟಿದ್ದರು. ಒಂದೂವರೆ ಪಟ್ಟು ಬಂತು. ಗಡ್ಡೆ ಇದೆ ಎಂದು ಎರಡು ವಾರ ನಿದ್ದೆಗೆಟ್ಟರು. ಮಲಗಿಸಿ ಮತ್ತೆ ತೆಗೆದಾಗ ಪೂರ್ತಿ ಸರಿಯಿತ್ತು. ಮಲಗಿ ಕೊಟ್ಟರೂ ಅಂಕಿ ಹೀಗೆ ಗಡಿಯಲ್ಲೇ ನಿಂತರೆ ಕ್ಲೋನಿಡಿನ್ ಮಾತ್ರೆ ಕೊಟ್ಟು ಮೂರು ಗಂಟೆ ಬಿಟ್ಟು ಅಳೆಯುತ್ತೇವೆ. ನರಗಳಿಂದ ಬಂದದ್ದಾದರೆ ನಾರ್‌ಮೆಟಾನೆಫ್ರಿನ್ ಇಳಿಯುತ್ತದೆ. ಗಡ್ಡೆಯದ್ದಾದರೆ ಜಗ್ಗುವುದಿಲ್ಲ.

ಹಾಗಂತ ಬಿಪಿ ಇರುವ ಎಲ್ಲರಿಗೂ ಈ ಪರೀಕ್ಷೆ ಬೇಡ. ಸಾವಿರ ಬಿಪಿ ರೋಗಿಗಳಲ್ಲಿ ಈ ಗಡ್ಡೆ ಇರುವುದು ಹೆಚ್ಚೆಂದರೆ ಐದಾರು ಮಂದಿಗೆ. ಗಡ್ಡೆ ಇಲ್ಲದ ಹತ್ತರಲ್ಲಿ ಒಬ್ಬರಿಗೆ ಸುಳ್ಳು ಏರಿಕೆ ಬರುತ್ತದೆ ಎಂದುಕೊಳ್ಳಿ. ಐದಾರು ಮಂದಿಯನ್ನು ಹುಡುಕಲು ನೂರು ಮಂದಿಯನ್ನು ಹೆದರಿಸಿದಂತಾಗುತ್ತದೆ. ತಲೆನೋವು, ಬೆವರು, ಎದೆಬಡಿತ ಮೂರೂ ಅಲೆಯಾಗಿ ಬರುವವರಿಗೆ, ಮೂರು ಮಾತ್ರೆಗೂ ಬಿಪಿ ಬಗ್ಗದವರಿಗೆ, ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನ್‌ನಲ್ಲಿ ಅಡ್ರಿನಲ್ ಗಡ್ಡೆ ಕಂಡವರಿಗೆ, ಮನೆತನದಲ್ಲಿ ಈ ಕಾಯಿಲೆ ಇರುವವರಿಗೆ ಮಾಡಿಸಬೇಕು.

ರಕ್ತದ ಫಲಿತಾಂಶ ಬಂದ ಮೇಲೆಯೇ ಹೊಟ್ಟೆಯ ಸಿಟಿ ಸ್ಕ್ಯಾನ್. ಹೊಲಿಗೆ ಕೆಲಸದ ಆ ಹೆಣ್ಣುಮಗಳ ಬಲ ಅಡ್ರಿನಲ್‌ನಲ್ಲಿ 4 ಸೆಂಟಿಮೀಟರ್ ಗಡ್ಡೆ ಕಂಡಿತು. ಸೂಜಿ ಹಾಕಿ ತುಣುಕು ತೆಗೆಯಲು ಹೋಗಬಾರದು. ಸೂಜಿ ತಾಗಿದರೆ ಗಡ್ಡೆ ಒಮ್ಮೆಲೇ ಹಾರ್ಮೋನು ಸುರಿದು ಪ್ರಾಣಕ್ಕೇ ಕುತ್ತು ಬರಬಹುದು. ತಕ್ಷಣ ಆಪರೇಷನ್ನೂ ಮಾಡಲಿಲ್ಲ. ಎರಡು ವಾರ ಪ್ರಜೋಸಿನ್ ಕೊಟ್ಟು ರಕ್ತನಾಳಗಳನ್ನು ಸಡಿಲಿಸಿದೆವು. ಜೊತೆಗೆ ಉಪ್ಪು, ನೀರು ಜಾಸ್ತಿ. ಬಿಪಿ ರೋಗಿಗೆ ಉಪ್ಪು ತಿನ್ನಿ ಎಂದಾಗ ಗಂಡ ಎರಡೆರಡು ಸಲ ಕೇಳಿದರು. ಇಷ್ಟು ದಿನ ಬಿಗಿದುಕೊಂಡಿದ್ದ ನಾಳಗಳು ಸಡಿಲವಾದಾಗ ಅವನ್ನು ತುಂಬಲು ನೀರಿನಂಶ ಬೇಕು. ಇಲ್ಲದಿದ್ದರೆ ಗಡ್ಡೆ ತೆಗೆದ ಕೂಡಲೇ ಬಿಪಿ ಕುಸಿಯುತ್ತದೆ. ನಾಳಗಳು ಸಡಿಲಾದ ಮೇಲೆಯೇ, ಎದೆಬಡಿತ ಇನ್ನೂ ಜೋರಾಗಿದ್ದರಿಂದ, ಪ್ರೊಪ್ರನಲಾಲ್ ಜಾತಿಯ ಮಾತ್ರೆ, ಅಂದರೆ ಬೀಟಾ ಬ್ಲಾಕರ್ ಸೇರಿಸಿದೆವು. ಈ ಕ್ರಮ ತಿರುಗುಮುರುಗಾಗಬಾರದು.

ಗಡ್ಡೆಯನ್ನು ಲ್ಯಾಪ್ರೊಸ್ಕೋಪಿಯಲ್ಲಿ ತೆಗೆದರು. ಆರು ವಾರದ ಮೇಲೆ ಮತ್ತೆ ಮಲಗಿಸಿ ರಕ್ತ ತೆಗೆದಾಗ ಎರಡೂ ಮೆಟಾನೆಫ್ರಿನ್ ಮಿತಿಯೊಳಗೆ ಬಂದಿದ್ದವು. ಈಗ ವರ್ಷಕ್ಕೊಮ್ಮೆ ಅದೇ ಪರೀಕ್ಷೆಗೆ ಬರುತ್ತಾರೆ, ಕಡಿಮೆಯೆಂದರೂ ಹತ್ತು ವರ್ಷ ಬರಬೇಕು. ಈ ಗಡ್ಡೆ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಅದು ವಂಶವಾಹಿಯಲ್ಲಿ ಬಂದಿರುತ್ತದೆ. ಹಾಗಾಗಿ ಜೀನ್ ಪರೀಕ್ಷೆಗೂ ರಕ್ತ ಕಳಿಸಿದೆವು. ಅದು ಹೊರಟ ದಿನವೇ ಅವರು ತಮ್ಮನ ಫೋನ್ ನಂಬರ್ ಬರೆದುಕೊಟ್ಟು, "ಅವನಿಗೂ ತಲೆನೋವು ಬರುತ್ತೆ ಡಾಕ್ಟ್ರೇ, ನೀವೇ ಒಂದ್ ಮಾತು ಹೇಳಿ" ಅಂದರು.