ಒಟ್ಟು ಸರಿ, ಕಾಲಂ ತಪ್ಪು: ಬಿಲ್ ಫೋಟೋಗಳಿಂದ ಬಾಕಿ ಪಟ್ಟಿ

ಹಾಂ, ರೆಕಾರ್ಡ್ ಆಗ್ತಿದೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಫೋನು, ಫೋನಲ್ಲಿ ಐದು ಬಿಲ್ಲಿನ ಫೋಟೋ. ಒಂದು ಹಾರ್ಡ್‌ವೇರ್ ಅಂಗಡಿಗೆ ವಾಟ್ಸಾಪಲ್ಲಿ ಬರೋ ಖರೀದಿ ಬಿಲ್ಲು ಹೇಗಿರುತ್ತೋ ಹಾಗೇ ಇವನ್ನ ತೋರಿಸೋಕೆ ಅಂತ ಮಾಡ್ಕೊಂಡಿದ್ದು. ಯಾರಿಗೆ ಎಷ್ಟು ಕೊಡೋದು ಬಾಕಿ ಇದೆ, ಅದ್ರಲ್ಲಿ ಗಡುವು ದಾಟಿ ಎಷ್ಟು ದಿನ ಆಯ್ತು, ಇಷ್ಟೇ ಬೇಕಾಗಿರೋದು. ಲೆಕ್ಕದವರು ಇದಕ್ಕೆ ಏಜಿಂಗ್ ಅಂತಾರೆ.

ಫೋಟೋದಿಂದ ಅಕ್ಷರ ಕಾಪಿ ಮಾಡೋದು ಹೇಗೆ ಅಂತ ಸ್ಕ್ರೀನಲ್ಲಿ ಕಾಣ್ತಿದೆ, ಅದನ್ನ ಬಾಯಲ್ಲಿ ಹೇಳಲ್ಲ. ಎಲ್ಲಿಂದ ಕಾಪಿ ಮಾಡ್ಬೇಕು ಅನ್ನೋದು ಮಾತ್ರ ಹೇಳ್ಬೇಕು. ಈ ಪೈಪಿನ ಬಿಲ್ ನೋಡಿ, ಟ್ಯಾಲಿಯಿಂದ ಬರೋ ನಮೂನೆ. ಬಲಗಡೆ ಸಣ್ಣ ಸಣ್ಣ ಚೌಕ. ಮೇಲಿನ ಚೌಕದಲ್ಲಿ "Dated", ಅದರಡಿ 12-Jul-25. ಸ್ವಲ್ಪ ಕೆಳಗೆ ಇಳೀರಿ, "Buyer's Order No." ಪಕ್ಕ ಇನ್ನೊಂದು "Dated". ಅದು ಆರ್ಡರ್ ಕೊಟ್ಟ ದಿನ, ಬಿಲ್ಲಿನ ದಿನ ಅಲ್ಲ. ಇ-ಇನ್‌ವಾಯ್ಸ್ ಆಗಿದ್ರೆ ತಲೆ ಮೇಲೆ "Ack Date" ಅಂತ ಮೂರನೇ ದಿನಾಂಕ. ಕಾಪಿ ಮಾಡಿದ ಮೇಲೆ ಚೌಕದ ಗೆರೆಗಳೆಲ್ಲ ಹೋಗಿ ಬರೀ ಸಾಲು ಉಳಿಯುತ್ತೆ, ಯಾವ ದಿನಾಂಕ ಯಾವ ಹೆಸರಿಗೆ ಸೇರಿದ್ದು ಅಂತ ಆಮೇಲೆ ಗೊತ್ತಾಗಲ್ಲ. ಅದಕ್ಕೇ ಇಡೀ ಪುಟ ಕಾಪಿ ಮಾಡ್ಬೇಡಿ. ಬಿಲ್ ನಂಬರಿನ ಪಕ್ಕದ "Dated" ಒಂದನ್ನೇ ಬೆರಳಲ್ಲಿ ಹಿಡಿದು ಆರಿಸಿ.

ಗಡುವು ಅದರ ಕೆಳಗಿನ ಚೌಕದಲ್ಲಿ, "Mode/Terms of Payment". ಇದ್ರಲ್ಲಿ 30 Days ಅಂತಿದೆ. ಆದ್ರೆ ಪುಟದ ತಳದಲ್ಲಿ ಅಚ್ಚಾಗಿರೋ ಷರತ್ತಲ್ಲಿ "15 ದಿನದೊಳಗೆ ಕೊಡದಿದ್ರೆ 18% ಬಡ್ಡಿ" ಅಂತ ಇಂಗ್ಲಿಷಲ್ಲಿ ಬರೆದಿರುತ್ತೆ. ಒಂದೇ ಕಾಗದದಲ್ಲಿ ಮೂವತ್ತು, ಹದಿನೈದು, ಹದಿನೆಂಟು, ಮೂರು ಅಂಕಿ. ತಳದ ಷರತ್ತು ಎಲ್ಲಾ ಪಾರ್ಟಿಗೂ ಒಂದೇ ಅಚ್ಚು. ಚೌಕದಲ್ಲಿರೋದು ನಿಮ್ಮ ಖಾತೆಗೆ ಅಂತ ಹಾಕಿದ್ದು. ಚೌಕದ್ದನ್ನೇ ತಗೊಳ್ಳಿ. ಚೌಕ ಖಾಲಿ ಇದ್ರೆ ನಿಮ್ಮ ಆರ್ಡರ್ ಕಾಪಿ ತೆಗೆದು ನೋಡಿ, ಅಲ್ಲೂ ಇಲ್ಲ ಅಂದ್ರೆ ಮಾತ್ರ ತಳಕ್ಕೆ ಹೋಗಿ.

ಈ ನೀಲಿ ಸೀಲ್ ಕಾಣ್ತಿದೆಯಾ? ಮಾಲು ಬಂತು ಅಂತ ಒತ್ತಿದ ಸೀಲು, ಸರಿಯಾಗಿ ದಿನಾಂಕದ ಮೇಲೇ ಬಿದ್ದಿದೆ. ಸೀಲಿನ ಗೆರೆ ದಾಟಿದ 3 ಅನ್ನೋದು 8 ಆಗುತ್ತೆ, 1 ಅನ್ನೋದು 7 ಆಗುತ್ತೆ. ಕಣ್ಣಿಗೆ ಕಾಣೋದು ಫೋನಿಗೆ ಕಾಣಲ್ಲ. ಗೋಡೌನಲ್ಲಿ ಇರೋವ್ರಿಗೆ ಒಂದ್ಮಾತು ಹೇಳಿ, ಸೀಲ್ ಎಡಗಡೆ ಕೆಳಗೆ ಖಾಲಿ ಜಾಗದಲ್ಲಿ ಒತ್ತಲಿ, ಜೊತೆಗೆ ಮಾಲು ಬಂದ ತಾರೀಖು ಪೆನ್ನಲ್ಲಿ ಬರೀಲಿ. ಆ ತಾರೀಖು ಯಾಕೆ ಬೇಕು ಅಂತ ಆಮೇಲೆ ಹೇಳ್ತೀನಿ. ಸರಿ, ಶೀಟ್ ತೆರೆದಾಯ್ತು, ಇಲ್ಲಿಗೆ ಬರೋಣ.

ಐದೂ ಬಿಲ್ ಹಾಕಿದೆ. ಪಟ್ಟಿ ಯಾವ ದಿನಕ್ಕೆ ಅಂತ ಮೇಲೆ P1 ಚೌಕದಲ್ಲಿ 30 ಸೆಪ್ಟೆಂಬರ್ 2025. ಇಲ್ಲಿ TODAY() ಹಾಕ್ಬೇಡಿ, ಮಾರನೇ ದಿನ ತೆರೆದ್ರೆ ಅಂಕಿಗಳೆಲ್ಲ ಬದಲಾಗಿ, ನಿನ್ನೆ ಪ್ರಿಂಟ್ ತೆಗೆದು ಕೊಟ್ಟಿದ್ದಕ್ಕೂ ಇದಕ್ಕೂ ತಾಳೆ ಆಗಲ್ಲ. ಒಟ್ಟು ಬಾಕಿ ₹2,47,100. ಲೆಡ್ಜರಲ್ಲೂ ಅಷ್ಟೇ. ತೊಂಬತ್ತು ದಿನ ದಾಟಿದ್ದು ₹1,43,400 ಅಂತ ತೋರಿಸ್ತಿದೆ.

ಇದು ತಪ್ಪು. ಒಟ್ಟು ಸರಿಯಾಗಿದೆ, ಹಂಚಿಕೆ ತಪ್ಪಾಗಿದೆ. ಇಡೀ ವಿಡಿಯೋ ಮಾಡ್ತಿರೋದೇ ಈ ಒಂದು ವಿಷಯಕ್ಕೆ, ಅವಸರ ಮಾಡಲ್ಲ.

ಕೇಬಲ್ ಬಿಲ್ ನೋಡಿ, ನಂಬರ್ 212, ₹1,26,000, ಗಡುವು 45 ದಿನ. ಬಿಲ್ಲಲ್ಲಿ ಅಚ್ಚಾಗಿರೋದು 05/08/2025. ಆಗಸ್ಟ್ ಐದು. ಈ ಶೀಟಿನ ದಿನಾಂಕದ ಸೆಟ್ಟಿಂಗ್ ಅಮೆರಿಕದ್ದು, ತಿಂಗಳು ಮೊದಲು. ಪೇಸ್ಟ್ ಮಾಡಿದ ಕೂಡ್ಲೇ ಶೀಟು ಅದನ್ನ ಮೇ ಎಂಟು ಅಂತ ತಗೊಳ್ತು. ಮೇ ಎಂಟಕ್ಕೆ 45 ಸೇರಿಸಿದ್ರೆ ಜೂನ್ 22, ಅಲ್ಲಿಂದ ಸೆಪ್ಟೆಂಬರ್ 30ಕ್ಕೆ ನೂರು ದಿನ. ನಿಜವಾದ ಗಡುವು ಸೆಪ್ಟೆಂಬರ್ 19, ದಾಟಿರೋದು ಹನ್ನೊಂದೇ ದಿನ. ಹನ್ನೊಂದು ದಿನದ ಬಾಕಿ ನೂರು ದಿನದ್ದಾಗಿ ಕೂತಿದೆ. ಮೊತ್ತ ಬದಲಾಗಿಲ್ಲ, ಹಾಗಾಗಿ ಲೆಡ್ಜರ್ ತಾಳೆ ನೋಡಿದವ್ರಿಗೆ ಅನುಮಾನವೇ ಬರಲ್ಲ. ತಿಂಗಳ ಕೊನೇಲಿ ಇರೋ ದುಡ್ಡನ್ನ ಮೊದಲು ಇದಕ್ಕೇ ಕೊಟ್ಟುಬಿಡ್ತಾರೆ, ನಿಜವಾಗಿ ಹಳೇದಾಗಿರೋ ಪೈಪಿನವ್ರು ಕಾಯ್ತಾ ಕೂತಿರ್ತಾರೆ.

ಇದೇ ಶೀಟಲ್ಲಿ 25/08/2025 ಪೇಸ್ಟ್ ಮಾಡಿ ನೋಡಿ. ಇಪ್ಪತ್ತೈದನೇ ತಿಂಗಳು ಇಲ್ವಲ್ಲ, ಅದು ದಿನಾಂಕ ಆಗದೆ ಬರೀ ಅಕ್ಷರವಾಗಿ ಚೌಕದ ಎಡಕ್ಕೆ ಅಂಟ್ಕೊಳ್ಳುತ್ತೆ. ದಿನಾಂಕ ಅಂತ ಒಪ್ಪಿದ್ದು ಬಲಕ್ಕೆ ಹೋಗುತ್ತೆ. ಒಂದೇ ಕಾಲಮಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ರೆ, ಬಲಕ್ಕಿರೋವೇ ಅಪಾಯ. ಎಡದ್ದು ಸೂತ್ರಕ್ಕೆ ಬಂದಾಗ ತಪ್ಪು ತೋರಿಸಿ ಕಣ್ಣಿಗೆ ಬೀಳುತ್ತೆ. ಬಲದ್ದು ತೆಪ್ಪಗೆ ಕೂತಿರುತ್ತೆ.

ಸೆಟ್ಟಿಂಗ್ ಬದಲಾಯಿಸಿದ್ರೆ ಆಯ್ತಲ್ಲ ಅನ್ನಿಸುತ್ತೆ. ಬದಲಾಯಿಸಿ, ಗೂಗಲ್ ಶೀಟಲ್ಲಿ File, Settings, Locale ಅಲ್ಲಿ India. ಆದ್ರೆ ಮೊದಲೇ ಕೂತಿರೋ ತಪ್ಪು ಅದ್ರಿಂದ ಸರಿಹೋಗಲ್ಲ. ಶೀಟು ಒಳಗೆ ಇಟ್ಕೊಂಡಿರೋದು ಮೇ ಎಂಟನೇ ದಿನವನ್ನ, ಈಗ ಅದನ್ನೇ 08/05/2025 ಅಂತ ತಿರುಗಿಸಿ ತೋರಿಸುತ್ತೆ ಅಷ್ಟೇ. ಅಂಥ ಸಾಲುಗಳನ್ನ ಫೋಟೋ ನೋಡಿ ಮತ್ತೆ ತುಂಬಲೇಬೇಕು.

ನನ್ನ ಮಾತು ಕೇಳಿದ್ರೆ ದಿನಾಂಕವನ್ನ ಪೇಸ್ಟೇ ಮಾಡ್ಬೇಡಿ. ದಿನ, ತಿಂಗಳು, ವರ್ಷ ಅಂತ ಮೂರು ಕಾಲಂ, ಕೈಯಲ್ಲೇ ಟೈಪು. ಪೂರ್ತಿ ಕೈಯಲ್ಲೇ ಮಾಡಿ ಅಂತ ಹೇಳೋಣ ಅಂದ್ಕೊಂಡಿದ್ದೆ, ಬೇಡ. ಬಿಲ್ ನಂಬರು, ಮೊತ್ತ ಫೋಟೋದಿಂದಲೇ ತಗೊಳ್ಳಿ, ಅಚ್ಚಿನ ಬಿಲ್ಲಲ್ಲಿ ಅವು ಚೆನ್ನಾಗೇ ಬರುತ್ತೆ, ಮೊತ್ತ ತಪ್ಪಿದ್ರೆ ಒಟ್ಟು ತಾಳೆ ಆಗದೆ ಸಿಕ್ಕೇ ಸಿಗುತ್ತೆ. ಒಟ್ಟಿಗೆ ಸಿಕ್ಕಿಬೀಳದೇ ಇರೋದು ದಿನಾಂಕ ಮತ್ತು ಗಡುವು. ಆ ಎರಡಕ್ಕೆ ಮಾತ್ರ ಕೈ.

C, D, E ದಿನ, ತಿಂಗಳು, ವರ್ಷ. G ಗಡುವಿನ ದಿನ. I ಬಿಲ್ ಮೊತ್ತ, J ಕೊಟ್ಟಿದ್ದು. ಉಳಿದಿದ್ದು ಇಷ್ಟು:

```
F2  =DATE(E2,D2,C2)
H2  =IF(G2="",NA(),F2+G2)
K2  =I2-J2
L2  =$P$1-H2
M2  =IF(L2<=0,"ಗಡುವು ಇದೆ",IF(L2<=30,"30ರೊಳಗೆ",
    IF(L2<=60,"60ರೊಳಗೆ",IF(L2<=90,"90ರೊಳಗೆ","90 ದಾಟಿದ್ದು"))))
N2  =$P$1-F2
```

H ಅಲ್ಲಿ NA() ಸುಮ್ನೆ ಹಾಕಿಲ್ಲ. ಗಡುವು ಖಾಲಿ ಬಿಟ್ರೆ ಶೀಟು ಸೊನ್ನೆ ಅಂದ್ಕೊಂಡು ಬಿಲ್ ದಿನವೇ ಗಡುವು ಅಂತ ಲೆಕ್ಕ ಹಾಕ್ಬಿಡುತ್ತೆ. ಈಗ #N/A ಅಂತ ಕೂಗುತ್ತೆ, ಆ ಬಿಲ್ ಯಾವ ಗುಂಪಿಗೂ ಸೇರಲ್ಲ, ಗುಂಪುಗಳ ಒಟ್ಟು K ಕಾಲಮಿನ ಒಟ್ಟಿಗಿಂತ ಕಡಿಮೆ ಬರುತ್ತೆ. ಗುಂಪಿಗೆ ಕನ್ನಡದ ಹೆಸರು ಯಾಕೆ ಅಂದ್ರೆ, ಚೌಕದಲ್ಲಿ 1-30 ಅಂತ ಟೈಪ್ ಮಾಡಿದ್ರೆ ಅದೂ ದಿನಾಂಕವಾಗಿಬಿಡುತ್ತೆ.

ಟೈಪ್ ಮಾಡಿದ್ದು ಸರಿ ಇದೆಯಾ ಅಂತ ನೋಡೋಕೆ ಎರಡು ದಾರಿ. ಫೋಟೋ ಫೈಲಿನ ಹೆಸರು ನೋಡಿ: IMG-20250806-WA0012.jpg. ವಾಟ್ಸಾಪ್ ಫೋಟೋ ಬಂದ ದಿನ ಹೆಸರಲ್ಲೇ ಇದೆ, ಆಗಸ್ಟ್ ಆರು. ಆಗಸ್ಟ್ ಐದರ ಬಿಲ್ ಆರಕ್ಕೆ ಬಂದಿದೆ, ಸಹಜ. ಮೇ ಎಂಟರ ಬಿಲ್ ಆಗಿದ್ರೆ ತೊಂಬತ್ತು ದಿನ ತಡ, ಅದು ಅನುಮಾನ. ಬಿಲ್ಲಿನ ದಿನ ಫೋಟೋ ದಿನಕ್ಕಿಂತ ಮುಂದಿದ್ರಂತೂ ಖಂಡಿತ ತಪ್ಪು. ಫೋಟೋ ಫಾರ್ವರ್ಡ್ ಆಗಿದ್ರೆ ಹೆಸರಿನ ದಿನ ಬದಲಾಗುತ್ತೆ, ಆಗ ಈ ದಾರಿ ನಂಬ್ಬೇಡಿ.

ಎರಡನೇದು ಬಿಲ್ ನಂಬರಿನ ಸಾಲು. ಇದೇ ಕೇಬಲ್‌ನವರ 198ನೇ ಬಿಲ್ ದುಡ್ಡು ಕೊಟ್ಟು ಮುಗಿದಿದೆ, ಅದರ ದಿನಾಂಕ 25/07/2025. ಇಪ್ಪತ್ತೈದು ತಿಂಗಳಾಗೋಕೆ ಸಾಧ್ಯ ಇಲ್ಲ, ಅಂದ್ರೆ ಇವರು ದಿನ ಮೊದಲು ಬರೀತಾರೆ ಅನ್ನೋದು ಸಾಬೀತು. 198 ಜುಲೈನಲ್ಲಿದ್ರೆ 212 ಮೇನಲ್ಲಿ ಇರಲ್ಲ. ಪಾರ್ಟಿವಾರು ನಂಬರ್ ಕ್ರಮಕ್ಕೆ ಜೋಡಿಸಿ, ದಿನಾಂಕ ಎಲ್ಲಾದ್ರೂ ಹಿಂದಕ್ಕೆ ಹೋಗಿದ್ರೆ ಅಲ್ಲಿ ನಿಲ್ಲಿ. ಏಪ್ರಿಲಲ್ಲಿ ನಂಬರ್ ಹೊಸದಾಗಿ ಒಂದರಿಂದ ಶುರುವಾಗೋದು ಮಾಮೂಲು, ಅದನ್ನ ತಪ್ಪು ಅಂದ್ಕೋಬೇಡಿ.

ಸರಿಪಡಿಸಿದ ಮೇಲೆ ನೋಡಿ. ಪೈಪು ₹48,500, ಗಡುವು ಆಗಸ್ಟ್ 11, ದಾಟಿ ಐವತ್ತು ದಿನ. ಕೇಬಲ್ ಹನ್ನೊಂದು ದಿನ. ನಲ್ಲಿ ಸಾಮಾನು, ಜೂನ್ 22ರ ಬಿಲ್, 60 ದಿನ, ₹62,000ದಲ್ಲಿ ₹40,000 ಕೊಟ್ಟಾಗಿದೆ, ಉಳಿದ ₹22,000 ದಾಟಿ ನಲವತ್ತು ದಿನ. ಬಣ್ಣದ ಡಬ್ಬಿ ₹33,200, ಅಕ್ಟೋಬರ್ 20ರವರೆಗೆ ಸಮಯ ಇದೆ. ಮೂವತ್ತರೊಳಗೆ ₹1,26,000, ಅರವತ್ತರೊಳಗೆ ₹70,500, ತೊಂಬತ್ತು ದಾಟಿದ್ದು ಬರೀ ₹17,400. ಒಟ್ಟು ಅದೇ ₹2,47,100.

ಆ ₹17,400 ಬ್ರಷ್ ಬಿಲ್ಲು. ಮಾರ್ಚ್ 28, ಗಡುವಿನ ಚೌಕ ಖಾಲಿ, ಆರ್ಡರಲ್ಲೂ ಇಲ್ಲ, ತಳದಲ್ಲೂ ಇಲ್ಲ. ಬ್ರಷ್ ಮಾಡಿ ಕೊಡೋರು ಉದ್ಯಮ್ ನೋಂದಣಿ ಇರೋ ಸಣ್ಣ ಕಾರ್ಖಾನೆಯವ್ರು. ಅಂಥವ್ರಿಗೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಬರಹದಲ್ಲಿ ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ರೂ 45ಕ್ಕಿಂತ ಹೆಚ್ಚಿಲ್ಲ. ಆ ದಿನ ಎಣಿಸೋದು ಮಾಲು ಒಪ್ಪಿಕೊಂಡ ದಿನದಿಂದ, ಸೀಲ್ ಜೊತೆ ತಾರೀಖು ಬರೀಲಿ ಅಂದಿದ್ದು ಇದಕ್ಕೇ. ಮಾಲು ಬಿಲ್ಲಿನ ದಿನವೇ ಬಂದಿದೆ, ಹಾಗಾಗಿ G ಅಲ್ಲಿ 15 ಹಾಕಿದ್ದೀನಿ, ದಾಟಿ 171 ದಿನ. 2023-24ರ ಹಣಕಾಸು ವರ್ಷದಿಂದ ಈ ಮಿತಿ ದಾಟಿ ವರ್ಷದ ಕೊನೆಗೂ ಬಾಕಿ ಇರೋದನ್ನ ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ಒಪ್ಪಲ್ಲ, ಕೊಟ್ಟ ವರ್ಷಕ್ಕೇ ಸಿಗುತ್ತೆ. ಬರೀ ತಂದು ಮಾರೋ ವ್ಯಾಪಾರಿಗಳಿಗೆ ಈ ನಿಯಮ ಇಲ್ಲ. ನಲ್ಲಿ ಸಾಮಾನಿನವ್ರು ವ್ಯಾಪಾರಿಗಳು, ಅವರ 60 ಹಾಗೇ ಇರಲಿ.

ಇನ್ನು N ಕಾಲಂ ಬಾಕಿ ಇದೆ. ಅದು ಗಡುವಿನಿಂದಲ್ಲ, ಬಿಲ್ ದಿನದಿಂದ ಎಣಿಸೋದು. ಜಿಎಸ್‌ಟಿಯಲ್ಲಿ ಬಿಲ್ ದಿನದಿಂದ 180 ದಿನದೊಳಗೆ ದುಡ್ಡು ಕೊಡದಿದ್ರೆ ತಗೊಂಡ ಇನ್‌ಪುಟ್ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡ್ಬೇಕು, ದುಡ್ಡು ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ತಗೋಬಹುದು. ಬ್ರಷ್ ಸಾಲಲ್ಲಿ L ನೋಡಿದ್ರೆ 171, ಇನ್ನೂ ಸಮಯ ಇದೆ ಅನ್ನಿಸುತ್ತೆ. N ಅಲ್ಲಿ 186. ಆರು ದಿನದ ಹಿಂದೆಯೇ ದಾಟಿದೆ. N ಕಾಲಮಿಗೆ 150 ದಾಟಿದ್ರೆ ಕೆಂಪು ಅಂತ ಹಾಕ್ತೀನಿ, ಒಂದು ತಿಂಗಳ ಮೊದಲೇ ಕಾಣ್ಲಿ. ಬ್ಯಾಟರಿ ಮುಗೀತಾ ಬಂತು, ಬ್ರಷ್ ಸಾಲು ಕೆಂಪಾಯ್ತು ನೋಡಿ, ಪ್ರಿಂಟ್ ಕೊಟ್ಟೆ.