ಅಕ್ಕನ ಮನೆ ರೂಟರ್‌ಗೆ ಟೈಮ್ ಎಷ್ಟು?

ನಮಸ್ಕಾರ. ಇದು ರಾಜಾಜಿನಗರದಲ್ಲಿರುವ ನಮ್ಮ ಅಕ್ಕನ ಮನೆ. ಟಿವಿ ಪಕ್ಕದ ಸ್ಟ್ಯಾಂಡ್ ಮೇಲೆ ಕೂತಿರುವ ಆ ಬಿಳಿ ಡಬ್ಬಿಯೇ ಇವತ್ತಿನ ವಿಷಯ. ಎರಡು ವಾರದಲ್ಲಿ ಎರಡು ಸಲ ಇದಕ್ಕೋಸ್ಕರ ಇಲ್ಲಿಗೆ ಬಂದಿದ್ದೇನೆ.

ಅಕ್ಕನ ಮಗಳಿಗೆ ಹನ್ನೆರಡು ವರ್ಷ. ರಾತ್ರಿ ಟ್ಯಾಬ್ ಹಿಡಿದುಕೊಂಡು ಕೂತರೆ ಮಲಗುವುದೇ ಇಲ್ಲ ಅಂತ ಅಕ್ಕನಿಗೆ ಚಿಂತೆ. ಅದಕ್ಕೆ ರೂಟರ್‌ನಲ್ಲಿ ಒಂದು ಶೆಡ್ಯೂಲ್ ಹಾಕಿಕೊಟ್ಟಿದ್ದೆ. ರಾತ್ರಿ 9:30ರಿಂದ ಬೆಳಿಗ್ಗೆ 6ರವರೆಗೆ ಆ ಟ್ಯಾಬ್‌ಗೆ ಮಾತ್ರ ನೆಟ್ ಇರಬಾರದು. ಅಷ್ಟು ಮಾಡಿ ಮನೆಗೆ ಹೋದೆ. ಶನಿವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು. "ಲೋ, ರಾತ್ರಿ ಒಂದು ಗಂಟೆವರೆಗೂ ವಿಡಿಯೋ ನೋಡಿದಾಳೆ. ಈಗ ಹತ್ತು ಗಂಟೆಗೆ ಸಂಗೀತದ ಕ್ಲಾಸ್ ಇದೆ, ನೆಟ್ಟೇ ಬರ್ತಿಲ್ಲ. ಏನೋ ಮಾಡಿದೀಯ?"

ಶೆಡ್ಯೂಲ್ ಕೆಲಸ ಮಾಡುತ್ತಿದೆ, ಆದರೆ ಬೇರೆ ಹೊತ್ತಿನಲ್ಲಿ. ಹಾಗಾಗಿ ಬಂದ ತಕ್ಷಣ ನೋಡಿದ್ದು ಶೆಡ್ಯೂಲ್ ಪುಟವನ್ನಲ್ಲ, ಟೈಮ್ ತೋರಿಸುವ ಪುಟವನ್ನು. ಇಲ್ಲಿ ನೋಡಿ. ನನ್ನ ಫೋನ್‌ನಲ್ಲಿ 10:22. ರೂಟರ್‌ನಲ್ಲಿ 04:52. ತಾರೀಖು ಸರಿ ಇದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ.

ಈ ಐದೂವರೆ ನಮಗೆಲ್ಲ ಗೊತ್ತಿರುವ ಲೆಕ್ಕವೇ. ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಳ್ಳುವ ಸಮಯಕ್ಕೆ ಯುಟಿಸಿ ಅಂತಾರೆ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಈ ರೂಟರ್‌ನಲ್ಲಿ ಟೈಮ್ ಝೋನ್ ಯಾರೂ ಮುಟ್ಟಿರಲಿಲ್ಲ, GMT ಅಂತಲೇ ಉಳಿದಿತ್ತು, ಅಂದರೆ ಯುಟಿಸಿಯ ಸಮಯವೇ. ಅದರ ರಾತ್ರಿ 9:30 ಅಂದರೆ ನಮಗೆ ಬೆಳಗಿನ ಜಾವ 3 ಗಂಟೆ. ಅದರ ಬೆಳಿಗ್ಗೆ 6 ಅಂದರೆ ನಮಗೆ 11:30. ಮಗು ರಾತ್ರಿಯೆಲ್ಲ ವಿಡಿಯೋ ನೋಡಬಹುದು, ಬೆಳಿಗ್ಗೆ ಕ್ಲಾಸ್ ಮಾತ್ರ ಸಿಗಲ್ಲ.

ಝೋನ್ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಹುಡುಕಬೇಡಿ, ಇರುವುದಿಲ್ಲ. ನಾವು ಆರಿಸಬೇಕಾದ ಸಾಲು ಹೆಚ್ಚಾಗಿ ಹೀಗಿರುತ್ತದೆ:

```
(GMT+05:30) Chennai, Kolkata, Mumbai, New Delhi
```

ಅದರ ಹತ್ತಿರವೇ +05:00 ಮತ್ತು +05:45 ಇರುತ್ತವೆ. ಒಂದು ಕರಾಚಿ ಸಮಯ, ಇನ್ನೊಂದು ಕಠ್ಮಂಡು ಸಮಯ. ಬೆರಳು ಜಾರಿದರೆ ಅರ್ಧ ಗಂಟೆ ಅಥವಾ ಕಾಲು ಗಂಟೆಯ ತಪ್ಪು ಸುಮ್ನೆ ಕೂತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗೆ ಡೇಲೈಟ್ ಸೇವಿಂಗ್ ಅಂತ ಒಂದು ಟಿಕ್ ಇದ್ದರೆ ತೆಗೆದುಬಿಡಿ. ನಮ್ಮ ದೇಶದಲ್ಲಿ ಆ ಪದ್ಧತಿ ಇಲ್ಲ. ಅದು ಆನ್ ಇದ್ದರೆ ವರ್ಷದ ಕೆಲವು ತಿಂಗಳು ರೂಟರ್ ಒಂದು ಗಂಟೆ ಮುಂದೆ ಓಡುತ್ತದೆ.

ಸೇವ್ ಮಾಡಿದೆ, 10:31 ಅಂತ ತೋರಿಸಿತು. ಅವಳು ಕ್ಲಾಸಿಗೆ ಕೂತಳು. ನಾನು ಕಾಫಿ ಕುಡಿದು ಹೊರಟೆ.

ಎರಡನೇ ಕತೆ ಶುರುವಾಗಿದ್ದು ಮಳೆಯಿಂದ. ಮೇ ತಿಂಗಳ ಸಂಜೆ ಮಳೆ ಗೊತ್ತಲ್ಲ, ನಾಲ್ಕು ಹನಿ ಬಿದ್ದ ಕೂಡಲೇ ಕರೆಂಟ್ ಹೋಯಿತು. ಸಂಜೆ 7ಕ್ಕೆ ವಾಪಸ್ ಬಂತು. ಮನೆಯಲ್ಲಿ ಎಲ್ಲರ ಫೋನಿಗೂ ನೆಟ್ ಬಂತು, ಟ್ಯಾಬ್‌ಗೆ ಮಾತ್ರ ಇಲ್ಲ. 7:30ಕ್ಕೆ ತಾನಾಗಿಯೇ ಬಂತು. ರಾತ್ರಿ 9:30ಕ್ಕೆ ಕಟ್ ಆಗಲಿಲ್ಲ. ಮಾರನೇ ದಿನ ಬೆಳಿಗ್ಗೆ 11ಕ್ಕೆ ಕಟ್ ಆಯಿತು. ಅಕ್ಕ ಇಷ್ಟನ್ನೂ ಕ್ಯಾಲೆಂಡರ್ ಹಾಳೆಯ ಮೇಲೆ ಬರೆದಿಟ್ಟಿದ್ದಳು. ಆ ಮೂರು ಟೈಮ್‌ಗಳಿಂದಲೇ ಕಾರಣ ಸಿಕ್ಕಿತು. ರೂಟರ್‌ನ ಲಾಗ್‌ನಲ್ಲಿ ಕರೆಂಟ್ ಬಂದ ಮೇಲಿನ ಮೊದಲ ಸಾಲುಗಳ ಪಕ್ಕ ಇದ್ದ ಸಮಯ ಇದು:

```
1970-01-01 05:30:41
```

ಗೋಡೆ ಗಡಿಯಾರಕ್ಕೆ ಸೆಲ್ ಇರುತ್ತದೆ. ಕಂಪ್ಯೂಟರ್‌ನ ಬೋರ್ಡ್ ಮೇಲೂ ಗಡಿಯಾರಕ್ಕೆ ಅಂತ ಒಂದು ಸಣ್ಣ ಸೆಲ್ ಇರುತ್ತದೆ. ಮನೆಯ ರೂಟರ್‌ಗಳಲ್ಲಿ ಹೆಚ್ಚಿನವಕ್ಕೆ ಅದು ಇಲ್ಲ. ಕರೆಂಟ್ ಹೋದರೆ ಟೈಮ್ ಮರೆತುಹೋಗುತ್ತದೆ. ಮತ್ತೆ ಆನ್ ಆದಾಗ ಒಂದು ಗೊತ್ತಾದ ಜಾಗದಿಂದ ಎಣಿಕೆ ಶುರು. ಕೆಲವಕ್ಕೆ ಅದು ಫರ್ಮ್‌ವೇರ್ ತಯಾರಾದ ದಿನ. ಇದಕ್ಕೆ 1970ರ ಜನವರಿ 1, ಯುಟಿಸಿ ಮಧ್ಯರಾತ್ರಿ. ನಮ್ಮ ಝೋನ್ ಸೇರಿಸಿದರೆ ಬೆಳಿಗ್ಗೆ 5:30.

ಈಗ ಅಕ್ಕನ ಹಾಳೆ ನೋಡಿ. ನಮಗೆ ಸಂಜೆ 7 ಆದಾಗ ರೂಟರ್‌ಗೆ ಬೆಳಿಗ್ಗೆ 5:30. ಅಂದರೆ ಇನ್ನೂ ಕಟ್ ಇರುವ ಹೊತ್ತು. ಅರ್ಧ ಗಂಟೆ ಬಿಟ್ಟು ಅದಕ್ಕೆ 6 ಆಯಿತು, ನೆಟ್ ಬಿಟ್ಟಿತು. 5:30ರಿಂದ ರಾತ್ರಿ 9:30ಕ್ಕೆ ಹದಿನಾರು ಗಂಟೆ. ಸಂಜೆ 7ಕ್ಕೆ ಹದಿನಾರು ಸೇರಿಸಿ, ಮಾರನೇ ದಿನ ಬೆಳಿಗ್ಗೆ 11. ಒಂದು ನಿಮಿಷವೂ ಆಚೀಚೆ ಇಲ್ಲ. ವಾರದ ದಿನ ನೋಡಿ ಶೆಡ್ಯೂಲ್ ಹಾಕಿದ್ದರೆ ಇನ್ನೊಂದು ಗೊಂದಲ, ಯಾಕಂದರೆ ಆ ಜನವರಿ 1 ಗುರುವಾರ.

ನೆಟ್ ಬಂದ ಮೇಲೆ ರೂಟರ್ ತಾನೇ ಟೈಮ್ ಕೇಳಿ ಸರಿಮಾಡಿಕೊಳ್ಳಬೇಕು. ಹೀಗೆ ಕೇಳುವ ವಿಧಾನಕ್ಕೆ ಎನ್‌ಟಿಪಿ ಅಂತ ಹೆಸರು. ಯಾರನ್ನು ಕೇಳಬೇಕು ಅನ್ನುವುದು ಸೆಟ್ಟಿಂಗ್‌ನಲ್ಲಿ ಇರುತ್ತದೆ. ಇಲ್ಲಿ ಇದ್ದಿದ್ದು ಒಂದೇ ಒಂದು ಹಳೆಯ ಐಪಿ ನಂಬರ್, ಅದು ಉತ್ತರವನ್ನೇ ಕೊಡುತ್ತಿರಲಿಲ್ಲ. ಮೊದಲ ಸಲ ತಾರೀಖು ಸರಿ ಇತ್ತಲ್ಲ, ಅದು ಹೇಗೆ? ಯಾರೋ ಯಾವಾಗಲೋ Get from PC ಒತ್ತಿರಬೇಕು. ಆ ಬಟನ್ ಕಂಪ್ಯೂಟರ್‌ನ ಟೈಮನ್ನು ರೂಟರ್‌ಗೆ ಕೊಡುತ್ತದೆ, ನಿಜ. ಆದರೆ ಮುಂದಿನ ಸಲ ಕರೆಂಟ್ ಹೋಗುವವರೆಗೆ ಮಾತ್ರ. ನಮ್ಮ ಊರಿನಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ.

ಹಳೆಯ ನಂಬರ್ ಅಳಿಸಿ ಇವೆರಡನ್ನು ಹಾಕಿದೆ:

```
in.pool.ntp.org
time.nplindia.org
```

ಮೊದಲನೆಯದು ಒಂದು ಸರ್ವರ್ ಅಲ್ಲ, ಭಾರತದಲ್ಲಿರುವ ಹಲವು ಸರ್ವರ್‌ಗಳ ಗುಂಪು. ಒಂದು ಕೈಕೊಟ್ಟರೆ ಇನ್ನೊಂದು ಸಿಗುತ್ತದೆ. ಎರಡನೆಯದು ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯದು. ಭಾರತದ ಅಧಿಕೃತ ಸಮಯ ಕಾಯುವವರೇ ಅವರು. ಒಂದು ವಿಷಯ ನೆನಪಿಡಿ: ಯಾರನ್ನು ಕೇಳಿದರೂ ಬರುವ ಉತ್ತರ ಯುಟಿಸಿಯಲ್ಲೇ. ಐದೂವರೆ ಸೇರಿಸುವುದು ರೂಟರ್‌ನ ಕೆಲಸ. ಹಾಗಾಗಿ ಎನ್‌ಟಿಪಿ ಎಷ್ಟೇ ಚೆನ್ನಾಗಿದ್ದರೂ ಝೋನ್ ತಪ್ಪನ್ನು ಅದು ತಿದ್ದುವುದಿಲ್ಲ.

ಸರ್ವರ್‌ನ ಹೆಸರಿಗೆ ಐಪಿ ನಂಬರ್ ಹುಡುಕುವುದನ್ನು ಗುಟ್ಟಾಗಿ ಮಾಡುವ ಡಿಎನ್‌ಎಸ್ ಓವರ್ ಟಿಎಲ್‌ಎಸ್ ಅನ್ನು ರೂಟರ್‌ನಲ್ಲಿ ಆನ್ ಮಾಡಿಕೊಂಡವರಿಗೆ ಇನ್ನೊಂದು ಮಾತು. ಅಲ್ಲಿ ಹೆಸರು ಹುಡುಕುವ ಮೊದಲು ರೂಟರ್ ಆ ಡಿಎನ್‌ಎಸ್ ಸರ್ವರ್‌ನ ಸರ್ಟಿಫಿಕೇಟ್‌ನ ತಾರೀಖು ನೋಡುತ್ತದೆ. ಗಡಿಯಾರ 1970ರಲ್ಲಿದ್ದರೆ ಯಾವ ಸರ್ಟಿಫಿಕೇಟೂ ಒಪ್ಪಿಗೆಯಾಗದು. ಹೆಸರು ಸಿಗದೆ ಟೈಮ್ ಸಿಗಲ್ಲ, ಟೈಮ್ ಸಿಗದೆ ಹೆಸರು ಸಿಗಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಸ್ಥಿತಿ. ಅಂಥವರು ಒಂದು ಜಾಗದಲ್ಲಿ ಹೆಸರಿನ ಬದಲು ನಂಬರ್ ಕೊಡಿ, 162.159.200.1. ಅದು ಕ್ಲೌಡ್‌ಫ್ಲೇರ್‌ನ ಟೈಮ್ ಸರ್ವರ್.

ಈಗ ಪರೀಕ್ಷೆ. ಸೇವ್ ಒತ್ತಿ ಟೈಮ್ ಸರಿಯಾಯಿತು ಅಂತ ನಂಬಿ ಎದ್ದರೆ ಸಾಲದು. ಅಕ್ಕನ ಕೈಯಲ್ಲೇ ಪ್ಲಗ್ ಕೀಳಿಸಿ, ಮತ್ತೆ ಹಾಕಿಸಿದೆ. ಇಲ್ಲಿ ನೋಡಿ, ಮೊದಲು 1970. ನೆಟ್ ಲೈಟ್ ಹಸಿರಾಯಿತು. ಪುಟ ರಿಫ್ರೆಶ್ ಮಾಡಿದೆ, ಇನ್ನೂ 1970. ಮತ್ತೊಮ್ಮೆ... ಬಂತು. ಇವತ್ತಿನ ತಾರೀಖು, 12:14. ಫೋನ್‌ನಲ್ಲೂ 12:14.

ಲಾಗ್ ಬೇರೆಯಾಗಿಯೇ ನೋಡಬೇಕು, ಯಾಕಂದರೆ ಕೆಲವು ರೂಟರ್‌ಗಳು ಪುಟದಲ್ಲಿ ನಮ್ಮ ಸಮಯ ತೋರಿಸಿ ಲಾಗ್‌ನಲ್ಲಿ ಯುಟಿಸಿಯಲ್ಲೇ ಬರೆಯುತ್ತವೆ. ಫೋನ್‌ನ ವೈಫೈ ಆಫ್ ಮಾಡಿ, ಆನ್ ಮಾಡಿದೆ, 12:17. ಲಾಗ್‌ನ ಕೊನೆಯ ಸಾಲು 12:17. ಅಲ್ಲಿ 06:47 ಅಂತ ಬಂದಿದ್ದರೆ, ಈ ಲಾಗ್ ಓದುವಾಗಲೆಲ್ಲ ಐದೂವರೆ ಸೇರಿಸಿ ಓದಬೇಕು ಅಂತ ಬರೆದಿಡುತ್ತಿದ್ದೆ.

ರಾತ್ರಿ ಊಟಕ್ಕೂ ಇಲ್ಲೇ ಉಳಿದೆ. 9:30ಕ್ಕೆ ಟ್ಯಾಬ್ ತೋರಿಸುತ್ತಾ ಬಂದಳು. "ಮಾಮ, ನೆಟ್ ಹೋಯ್ತು." ಫೋನ್ ನೋಡಿದೆ. 9:30.