ಒಂದು ಪಿಐಪಿ ಪತ್ರವನ್ನು ತಿದ್ದಿ ಬರೆದ ಕಥೆ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪತ್ರ ಓದಿಬಿಡುತ್ತೇನೆ, ಆಮೇಲೆ ಮಾತು.

"ಕೆಲಸದಲ್ಲಿ ನಿಮ್ಮ ಧೋರಣೆ ಸರಿಯಿಲ್ಲ. ಗ್ರಾಹಕರ ಬಗ್ಗೆ ಕಾಳಜಿ ಇಲ್ಲ. ಪದೇ ಪದೇ ಹೇಳಿದರೂ ಬದಲಾಗಿಲ್ಲ. ಮುಂದಿನ 30 ದಿನಗಳಲ್ಲಿ ಎಲ್ಲ ಟಿಕೆಟ್‌ಗಳಿಗೂ ಸಮಯಕ್ಕೆ ಸರಿಯಾಗಿ ಉತ್ತರಿಸಬೇಕು, ಗುಣಮಟ್ಟದಲ್ಲಿ ಗಣನೀಯ ಸುಧಾರಣೆ ತೋರಿಸಬೇಕು. ತಪ್ಪಿದಲ್ಲಿ ಯಾವುದೇ ಸಮಯದಲ್ಲಿ ಕೆಲಸದಿಂದ ತೆಗೆಯಲಾಗುವುದು."

ಇಷ್ಟೇ ಪತ್ರ. ಕಸ್ಟಮರ್ ಸಪೋರ್ಟ್ ತಂಡದ ಒಬ್ಬರಿಗೆ ಅವರ ಮ್ಯಾನೇಜರ್ ಬರೆದ ಡ್ರಾಫ್ಟ್ ಇದು. ಟಿಕೆಟ್ ಅಂದರೆ ಗ್ರಾಹಕರು ಕಳಿಸುವ ಒಂದೊಂದು ದೂರು ಅಥವಾ ಪ್ರಶ್ನೆ. ಪುಣ್ಯಕ್ಕೆ ಕೊಡುವ ಮೊದಲು ನನ್ನ ಹತ್ತಿರ ಬಂತು. ಯಾರದೆಂದು ಗೊತ್ತಾಗದ ಹಾಗೆ ಅಲ್ಲಿ ಇಲ್ಲಿ ವಿವರ ಬದಲಿಸಿದ್ದೇನೆ. ಆ ಮ್ಯಾನೇಜರ್ ಕೆಟ್ಟವರೇನಲ್ಲ. ಮೂರು ತಿಂಗಳು ಬಾಯಲ್ಲಿ ಹೇಳಿ ಹೇಳಿ ಸುಸ್ತಾಗಿ, ಒಂದು ಸಂಜೆ ಕೂತು ಆ ಸಿಟ್ಟನ್ನೆಲ್ಲ ಇದರಲ್ಲಿ ಸುರಿದಿದ್ದರು. ನಾನೂ ಒಂದು ಕಾಲದಲ್ಲಿ ಇಂಥದ್ದೇ ಬರೆದಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪಿಐಪಿ ಅಂದರೆ ಕೆಲಸ ಸುಧಾರಿಸಿಕೊಳ್ಳಲು ಕೊಡುವ ಲಿಖಿತ ಯೋಜನೆ. ಹೆಸರಿಗೆ ಹಾಗೆ. ಅದು ಕೈಗೆ ಸಿಕ್ಕವರು ಓದಿಕೊಳ್ಳುವುದು ಮಾತ್ರ "ಬೇರೆ ಕೆಲಸ ಹುಡುಕಿಕೋ" ಅಂತ. ಈ ಪತ್ರ ಓದಿದರೆ ಅವರು ಹಾಗೆ ಅಂದುಕೊಂಡರೆ ತಪ್ಪೇನೂ ಇಲ್ಲ ಅಲ್ವಾ?

ನಾನು ಆ ಮ್ಯಾನೇಜರಿಗೆ ಕೇಳಿದ್ದು ಒಂದೇ ಪ್ರಶ್ನೆ. "31ನೇ ದಿನ ನೀವು ರಜೆಯಲ್ಲಿದ್ದೀರಿ ಅಂದುಕೊಳ್ಳಿ. ನಿಮ್ಮ ಜಾಗಕ್ಕೆ ಬಂದ ಬೇರೆಯವರು ಈ ಪತ್ರ ಓದಿ, ಇವರು ಪಾಸಾದರೋ ಇಲ್ಲವೋ ಹೇಳೋಕೆ ಆಗುತ್ತಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಗಲ್ಲ" ಅಂದರು. "ಧೋರಣೆ" ಎಷ್ಟಾದರೆ ಸರಿ? "ಗಣನೀಯ" ಅಂದರೆ ಎಷ್ಟು? ಉತ್ತರ ಮ್ಯಾನೇಜರ್ ತಲೆಯೊಳಗಿದೆ, ಕಾಗದದ ಮೇಲಿಲ್ಲ.

ಹಾಗಾಗಿ ಮೊದಲು ಮಾಡಿದ ಕೆಲಸ ಬರೆಯುವುದಲ್ಲ, ಎಣಿಸುವುದು. ಇಬ್ಬರೂ ಕೂತು ಹಿಂದಿನ 8 ವಾರಗಳ ಟಿಕೆಟ್ ತೆಗೆದೆವು. ಆ ತಂಡದ ನಿಯಮ ಪ್ರಕಾರ ಹೊಸ ಟಿಕೆಟ್‌ಗೆ ಕೆಲಸದ 4 ಗಂಟೆಯೊಳಗೆ ಮೊದಲ ಉತ್ತರ ಹೋಗಬೇಕು. ಇವರಿಗೆ ಬಂದಿದ್ದು 212 ಟಿಕೆಟ್. ಸಮಯಕ್ಕೆ ಉತ್ತರ ಹೋಗಿದ್ದು 148ಕ್ಕೆ. ಅಂದರೆ ಶೇ 70. ತಂಡದ ಉಳಿದ ಐದು ಜನರದ್ದು ಶೇ 84ರಿಂದ 93ರ ನಡುವೆ ಇತ್ತು.

"ನೋಡಿ, ನಾನು ಹೇಳಲಿಲ್ವಾ" ಅಂದರು ಮ್ಯಾನೇಜರ್. ಇಲ್ಲೇ ನಿಲ್ಲಿಸಿದ್ದರೆ ಅವರ ಮಾತೇ ಸರಿ ಅಂತ ಆಗುತ್ತಿತ್ತು. ಆದರೆ ತಡವಾದ ಆ 64 ಟಿಕೆಟ್ ಯಾವುವು ಅಂತ ಒಂದೊಂದಾಗಿ ತೆರೆದು ನೋಡಿದೆವು. ಅದರಲ್ಲಿ 39 ಒಂದೇ ಪ್ರಾಡಕ್ಟ್‌ಗೆ ಸೇರಿದ್ದವು. ತಂಡ ಬಿಟ್ಟುಹೋದ ಇನ್ನೊಬ್ಬರ ಆ ಪ್ರಾಡಕ್ಟನ್ನು ಇವರ ಹೆಗಲಿಗೆ ಹಾಕಿದ್ದರು. ಟ್ರೈನಿಂಗ್ ಇಲ್ಲ, ಪ್ರಾಡಕ್ಟಿನೊಳಗೆ ಏನಾಯಿತು ಅಂತ ದಾಖಲಾಗುವ ಲಾಗ್ ನೋಡಲು ಆಕ್ಸೆಸ್ ಕೂಡ ಇಲ್ಲ. ಪ್ರತಿ ಸಲ ಇನ್ನೊಬ್ಬರನ್ನು ಕೇಳಿ ಕಾಯಬೇಕು. ಆ ಪ್ರಾಡಕ್ಟಿನ 60 ಟಿಕೆಟ್ ಬದಿಗಿಟ್ಟು ಉಳಿದ 152 ಲೆಕ್ಕ ಹಾಕಿದರೆ 127 ಸಮಯಕ್ಕೆ ಹೋಗಿವೆ, ಹೆಚ್ಚುಕಡಿಮೆ ಶೇ 84. ತಂಡದ ಕೊನೆಯವರ ಪಕ್ಕದಲ್ಲೇ ಇದ್ದಾರೆ!

ಮ್ಯಾನೇಜರ್ ಮುಖ ನೋಡಬೇಕಿತ್ತು. "ಕಾಳಜಿ ಇಲ್ಲ" ಅಂತ ಬರೆದಿದ್ದು ನಿಜವಾಗಿ ಆಕ್ಸೆಸ್ ಇಲ್ಲದ್ದು.

ಹಾಗಂತ ಪಿಐಪಿಯೇ ಬೇಡವಾ? ಉತ್ತರದ ಸಮಯದ ದೂರೊಂದೇ ಇದ್ದಿದ್ದರೆ ಬೇಡ ಅನ್ನುತ್ತಿದ್ದೆ, ಆಕ್ಸೆಸ್ ಕೊಟ್ಟು ಮನೆಗೆ ಹೋಗಿ ಅಂತ. ಆದರೆ ಎರಡನೆಯದೊಂದು ಇತ್ತು, ರೀಓಪನ್. ಇವರು "ಆಯ್ತು" ಅಂತ ಮುಚ್ಚಿದ ಟಿಕೆಟ್ 7 ದಿನದೊಳಗೆ ಗ್ರಾಹಕರಿಂದ ವಾಪಸ್ ಬರುವುದು. ಸಿಸ್ಟಮ್ 41 ತೋರಿಸುತ್ತಿತ್ತು. ತೆರೆದು ನೋಡಿದರೆ 7ರಲ್ಲಿ ಗ್ರಾಹಕರು ಸುಮ್ನೆ "ಥ್ಯಾಂಕ್ಸ್" ಅಂತ ಬರೆದಿದ್ದರು, ಅಷ್ಟಕ್ಕೇ ಸಿಸ್ಟಮ್ ಅದನ್ನು ರೀಓಪನ್ ಮಾಡಿಬಿಟ್ಟಿತ್ತು. ಥ್ಯಾಂಕ್ಸ್ ಹೇಳಿಸಿಕೊಂಡಿದ್ದಕ್ಕೆ ಶಿಕ್ಷೆ! ಅವನ್ನು ತೆಗೆದರೆ 34, ಅಂದರೆ 212ರಲ್ಲಿ ಶೇ 16. ಉಳಿದವರ ಲೆಕ್ಕದಲ್ಲೂ ಥ್ಯಾಂಕ್ಸ್ ತೆಗೆದೆವು, ಅವರದ್ದು ಶೇ 6ರಿಂದ 9 ಬಂತು. ಈ 34 ಎಲ್ಲ ಪ್ರಾಡಕ್ಟ್‌ಗಳಲ್ಲೂ ಹರಡಿದ್ದವು. ಗ್ರಾಹಕರು ಎರಡು ಪ್ರಶ್ನೆ ಕೇಳಿದ್ದರೆ ಒಂದಕ್ಕೆ ಉತ್ತರ ಕೊಟ್ಟು ಮುಚ್ಚುವುದು, ಸರಿಯಾಯಿತಾ ಅಂತ ಕೇಳದೆ ಮುಚ್ಚುವುದು. ಇದು ನಿಜವಾಗಿ ಅವರ ಕೆಲಸದ ದೋಷ, ಇದಕ್ಕೆ ಯೋಜನೆ ಬೇಕಿತ್ತು.

ಈಗ ಬರೆಯುವುದಕ್ಕೆ ಬಂದೆವು. "ಧೋರಣೆ ಸರಿಯಿಲ್ಲ" ಅನ್ನುವ ಸಾಲು ಹೋಗಿ ಬಂದಿದ್ದು ಇದು: "ಹಿಂದಿನ 8 ವಾರಗಳಲ್ಲಿ ನೀವು ಮುಚ್ಚಿದ 212 ಟಿಕೆಟ್‌ಗಳಲ್ಲಿ 34 ಟಿಕೆಟ್ 7 ದಿನದೊಳಗೆ ವಾಪಸ್ ತೆರೆದಿವೆ. ಪಟ್ಟಿ ಜೊತೆಗಿದೆ." ಪಟ್ಟಿ ಜೊತೆಗಿಡುವುದು ಮುಖ್ಯ. ಅವರು ಅದನ್ನು ನೋಡಿ "ಈ ಮೂರು ನನ್ನದಲ್ಲ" ಅನ್ನಬಹುದು. ಅನ್ನಲಿ, ಅದಕ್ಕೇ ಕೊಡುವುದು. ಈ ಸಾಲಿನಲ್ಲಿ ಬೈಗುಳ ಇಲ್ಲ, ಆದರೆ ಮೊದಲಿನ ಪತ್ರಕ್ಕಿಂತ ಗಟ್ಟಿ. ಧೋರಣೆಯ ಬಗ್ಗೆ ದಿನವಿಡೀ ಜಗಳ ಆಡಬಹುದು, ಪಟ್ಟಿಯ ಬಗ್ಗೆ ಆಡೋಕೆ ಆಗಲ್ಲ.

ಗುರಿಯ ವಿಷಯ. ಮೂಲ ಪತ್ರದಲ್ಲಿ "ಎಲ್ಲ ಟಿಕೆಟ್‌ಗಳಿಗೂ" ಅಂತ ಇತ್ತು, ಅಂದರೆ ಶೇ 100. ತಂಡದ ಅತಿ ಚುರುಕಿನವರೇ 93ರಲ್ಲಿದ್ದಾರೆ. ಯಾರೂ ಮುಟ್ಟದ ಗುರಿಯನ್ನು ಒಬ್ಬರಿಗೆ ಮಾತ್ರ ಇಟ್ಟರೆ ಅದು ಗುರಿಯಲ್ಲ, ಬಲೆ. ನಾವು ಇಟ್ಟಿದ್ದು ಶೇ 85. ವಾರಕ್ಕೆ ಸುಮಾರು 26 ಟಿಕೆಟ್ ಬರುತ್ತವೆ, ಅದರಲ್ಲಿ 22 ಸಮಯಕ್ಕೆ ಹೋದರೆ ಹೆಚ್ಚುಕಡಿಮೆ ಸಾಕು. ರೀಓಪನ್‌ಗೆ ಶೇ 10 ಮಿತಿ. ಎರಡನ್ನೂ ಜೊತೆಗಿಡಬೇಕು. ಬರೀ ವೇಗ ಅಳೆದರೆ "ನೋಡುತ್ತಿದ್ದೇವೆ" ಅಂತ ಒಂದು ಸಾಲು ಕಳಿಸಿ ಗಡಿಯಾರ ನಿಲ್ಲಿಸುತ್ತಾರೆ, ಬರೀ ರೀಓಪನ್ ಅಳೆದರೆ ಟಿಕೆಟ್ ಮುಚ್ಚುವುದನ್ನೇ ಬಿಡುತ್ತಾರೆ. ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದಾಗ ಯಾರಾದರೂ ಹಾಗೇ ಮಾಡುತ್ತಾರೆ.

ಗ್ರಾಹಕರ ರೇಟಿಂಗ್ ಕೂಡ ಸೇರಿಸೋಣ ಅಂದರು ಮ್ಯಾನೇಜರ್. ಎಷ್ಟು ಜನ ರೇಟಿಂಗ್ ಕೊಡುತ್ತಾರೆ ಅಂತ ಕೇಳಿದೆ. ತಿಂಗಳಿಗೆ ಎಂಟು. ಎಂಟರಲ್ಲಿ ಒಬ್ಬರು ಬೆಳಿಗ್ಗೆ ಜಗಳ ಮಾಡಿಕೊಂಡು ಬಂದಿದ್ದರೆ ಅಂಕ ಪಾತಾಳಕ್ಕೆ. ಬಿಟ್ಟೆವು.

ರೀಓಪನ್‌ಗೂ ಇದೇ ತೊಂದರೆ ಸ್ವಲ್ಪ ಇದೆ. ವಾರದ 26 ಟಿಕೆಟ್‌ನಲ್ಲಿ ಒಂದು ಜಾಸ್ತಿ ವಾಪಸ್ ಬಂದರೆ ಶೇ 4ರಷ್ಟು ಏರುತ್ತದೆ. ಹಾಗಾಗಿ ವಾರ ವಾರ ಅದನ್ನು ಮಾತಾಡಬಹುದು, ಆದರೆ ಪಾಸು ಫೇಲು ತೀರ್ಮಾನ 4 ವಾರಗಳ ಒಟ್ಟು ಲೆಕ್ಕದ ಮೇಲೆ ಮಾತ್ರ. ಇದನ್ನು ಪತ್ರದಲ್ಲೇ ಬರೆದೆವು.

ಇದರಿಂದಲೇ 30 ದಿನ ಸಾಲದು ಅನ್ನುವುದೂ ಗೊತ್ತಾಯಿತು. ಮೊದಲ ವಾರ ಆಕ್ಸೆಸ್ ಬರುವುದರಲ್ಲಿ ಹೋಗುತ್ತದೆ, ಎರಡು ಮೂರು ವಾರ ಕಲಿಯುವುದರಲ್ಲಿ, ಆಮೇಲೆ ತಾನೆ ಅಳೆಯುವುದು? 8 ವಾರ ಇಟ್ಟೆವು: ಮಾರ್ಚ್ 2, ಸೋಮವಾರ ಶುರು, ಏಪ್ರಿಲ್ 24, ಶುಕ್ರವಾರ ಕೊನೆ. ಗುರಿ ಲೆಕ್ಕಕ್ಕೆ ಬರುವುದು ಮಾರ್ಚ್ 30ರಿಂದ ಶುರುವಾಗುವ 4 ವಾರ. ಮಾರ್ಚ್ 30ಕ್ಕೆ ನಡುವಿನ ರಿವ್ಯೂ, ಅದಲ್ಲದೆ ಪ್ರತಿ ಸೋಮವಾರ ಅರ್ಧ ಗಂಟೆ. ಕೊನೆಯ ರಿವ್ಯೂ ಮೇ 4, ಸೋಮವಾರ. ಏಪ್ರಿಲ್ 27 ಯಾಕಲ್ಲ ಅಂತ ನಿಮಗನಿಸಬಹುದು. ಏಪ್ರಿಲ್ 24ಕ್ಕೆ ಮುಚ್ಚಿದ ಟಿಕೆಟ್ ವಾಪಸ್ ಬರಲು ಮೇ 1ರವರೆಗೆ ಸಮಯ ಇದೆ. ಅದಕ್ಕೂ ಮೊದಲೇ ಕೂತರೆ ಅರ್ಧ ಲೆಕ್ಕದ ಮೇಲೆ ತೀರ್ಪು ಕೊಟ್ಟ ಹಾಗಾಗುತ್ತದೆ.

ಇನ್ನು ಸಹಾಯ. "ಅಗತ್ಯ ಬೆಂಬಲ ನೀಡಲಾಗುವುದು" ಅನ್ನುವ ಸಾಲನ್ನು ನಾನು ಎಷ್ಟು ಪತ್ರಗಳಲ್ಲಿ ನೋಡಿದ್ದೇನೋ. ಯಾರು ಕೊಡುತ್ತಾರೆ, ಯಾವಾಗ? ನಾವು ಹೀಗೆ ಬರೆದೆವು: ಲಾಗ್ ಆಕ್ಸೆಸ್ ಮಾರ್ಚ್ 6ರೊಳಗೆ, ಜವಾಬ್ದಾರಿ ಮ್ಯಾನೇಜರದ್ದು. ಹೊಸ ಪ್ರಾಡಕ್ಟಿನ ಬಗ್ಗೆ ತಂಡದ ಹಿರಿಯರೊಬ್ಬರಿಂದ 4 ಟ್ರೈನಿಂಗ್, ಒಂದೊಂದು ಒಂದೂವರೆ ಗಂಟೆ, ಆ ಹಿರಿಯರ ಹೆಸರು ಸಮೇತ. ಮೊದಲ ಮೂರು ವಾರ ದಿನಕ್ಕೆ ಎರಡು ಟಿಕೆಟ್ ಮುಚ್ಚುವ ಮೊದಲು ಅವರಿಗೆ ತೋರಿಸಬಹುದು. ಕೊನೆಗೆ ಒಂದು ಸಾಲು, ಇದಕ್ಕಾಗಿ ಮ್ಯಾನೇಜರ್ ಹತ್ತಿರ ಸ್ವಲ್ಪ ಗುದ್ದಾಡಬೇಕಾಯಿತು: "ಇವುಗಳಲ್ಲಿ ಯಾವುದಾದರೂ ಸಮಯಕ್ಕೆ ಸಿಗದಿದ್ದರೆ, ಅದಕ್ಕೆ ಸಂಬಂಧಿಸಿದ ಗುರಿಯ ಅವಧಿಯನ್ನು ಮುಂದಕ್ಕೆ ಹಾಕಲಾಗುವುದು." "ಹಾಗಾದರೆ ನನ್ನ ಕೈ ಕಟ್ಟಿದ ಹಾಗಾಯಿತಲ್ಲ" ಅಂದರು. ಹೌದು, ಅವರ ಕೈ ಕಟ್ಟಿದ್ದೀರಿ, ನಿಮ್ಮದೂ ಸ್ವಲ್ಪ ಕಟ್ಟಿಕೊಳ್ಳಿ ಅಂದೆ.

ರಜೆ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಂಜೂರಾದ ರಜೆ, ಕಾಯಿಲೆ ರಜೆ ಎಷ್ಟು ದಿನವೋ ಅಷ್ಟು ದಿನ ಅವಧಿ ಮುಂದೆ ಹೋಗಬೇಕು. ಯಾರಾದರೂ ಕಾಯಿಲೆ ರಜೆ ಮುಗಿಸಿ ಬಂದ ಬೆನ್ನಲ್ಲೇ, ಅಥವಾ ದೂರು ಕೊಟ್ಟ ಬೆನ್ನಲ್ಲೇ ಪಿಐಪಿ ಡ್ರಾಫ್ಟ್ ಬಂದರೆ ನಾನು ಪತ್ರ ತಿದ್ದುವುದಿಲ್ಲ, ಈಗಲೇ ಯಾಕೆ ಅಂತ ಮೊದಲು ಕೇಳುತ್ತೇನೆ.

"ಯಾವುದೇ ಸಮಯದಲ್ಲಿ ತೆಗೆಯಲಾಗುವುದು" ಅನ್ನುವ ಕೊನೆಯ ಸಾಲು ಉಳಿದಿತ್ತು. ಅದಿದ್ದರೆ ಮೇಲಿನ ತಾರೀಖುಗಳೆಲ್ಲ ಸುಳ್ಳು. ಆದರೆ ಪರಿಣಾಮ ಏನೆಂದು ಮುಚ್ಚಿಡುವುದೂ ನ್ಯಾಯ ಅಲ್ಲ. ಹಾಗಾಗಿ ಮೂರು ದಾರಿ ಬರೆದೆವು: ಎರಡೂ ಗುರಿ ಮುಟ್ಟಿದರೆ ಯೋಜನೆ ಲಿಖಿತವಾಗಿ ಮುಗಿಯುತ್ತದೆ. ಒಂದು ಮುಟ್ಟಿ ಇನ್ನೊಂದು ಹತ್ತಿರ ಬಂದರೆ ಅದೊಂದಕ್ಕೆ ಮಾತ್ರ, ಒಂದೇ ಸಲ, 4 ವಾರ ವಿಸ್ತರಣೆ. ಎರಡೂ ತಪ್ಪಿದರೆ ಕೆಲಸ ಹೋಗಬಹುದು, ಆ ತೀರ್ಮಾನಕ್ಕೆ ಮೊದಲು ಅವರ ಮಾತು ಕೇಳಲಾಗುತ್ತದೆ. ಸಹಿಯ ಜಾಗದಲ್ಲಿ "ಒಪ್ಪಿದ್ದೇನೆ" ಇದ್ದದ್ದನ್ನು "ಪತ್ರ ತಲುಪಿದೆ" ಅಂತ ಮಾಡಿ, ಕೆಳಗೆ ಅವರು ಬರೆಯಲು ಅರ್ಧ ಪುಟ ಖಾಲಿ ಬಿಟ್ಟೆವು. ಆ ಅರ್ಧ ಪುಟವನ್ನು ಅವರು ಪೂರ್ತಿ ತುಂಬಿಸಿ ಕೊಟ್ಟರು. ಪಟ್ಟಿಯಲ್ಲಿ ಎರಡು ಟಿಕೆಟ್ ಬೇರೆಯವರದ್ದು ಅಂತ ತೋರಿಸಿದ್ದರು, ಸರಿಯಾಗೇ ಇತ್ತು. 34 ಹೋಗಿ 32 ಆಯಿತು.

ಪ್ರತಿ ಸೋಮವಾರದ ಮೀಟಿಂಗ್ ಆದ ದಿನವೇ ನಾಲ್ಕೈದು ಸಾಲಿನ ಮೇಲ್ ಹೋಗಬೇಕು ಅಂತ ಇಟ್ಟಿದ್ದೆವು. ಆ ವಾರದ ಅಂಕಿ, ಏನು ಸಹಾಯ ಸಿಕ್ಕಿತು, ಏನು ಸಿಗಲಿಲ್ಲ. ಅದು ಇದ್ದದ್ದು ಒಳ್ಳೆಯದೇ ಆಯಿತು. ಮೇ 4ಕ್ಕೆ ಉತ್ತರದ ಸಮಯ ಶೇ 87 ಬಂತು, ಪಾಸು. ರೀಓಪನ್ ಮಾತ್ರ 98ರಲ್ಲಿ 11, ಶೇ 10ರ ಗೆರೆಯಿಂದ ಚೂರು ಆಚೆ. ಮೇಲ್‌ಗಳನ್ನು ತೆಗೆದು ನೋಡಿದರೆ, ತೋರಿಸಿ ಮುಚ್ಚುವ ಮೂರು ವಾರಗಳಲ್ಲಿ ಒಂದು ವಾರ ಆ ಹಿರಿಯರೇ ರಜೆಯಲ್ಲಿದ್ದರು, ಬದಲಿ ಯಾರನ್ನೂ ಇಟ್ಟಿರಲಿಲ್ಲ. ಯಾರೂ ವಾದ ಮಾಡಲಿಲ್ಲ. ಮೇ 29ರವರೆಗೆ ವಿಸ್ತರಣೆ, ರಿವ್ಯೂ ಜೂನ್ 8ಕ್ಕೆ.

ಜೂನ್ 8ಕ್ಕೆ 101ರಲ್ಲಿ 9. ಮೀಟಿಂಗ್ ಹತ್ತು ನಿಮಿಷಕ್ಕೆ ಮುಗಿಯಿತು, ಯೋಜನೆ ಮುಗಿದಿದೆ ಅನ್ನುವ ಎರಡು ಸಾಲಿನ ಪತ್ರವನ್ನು ಮ್ಯಾನೇಜರ್ ಮೊದಲೇ ಪ್ರಿಂಟ್ ಮಾಡಿಟ್ಟುಕೊಂಡು ಬಂದಿದ್ದರು.